ಕುಡಿದದ್ದೆಷ್ಟು, ಹೋದದ್ದೆಷ್ಟು?

ಹೃದಯದ ಬಲ ಕುಂದಿದಾಗ ದೇಹದಲ್ಲಿ ಉಪ್ಪೂ ನೀರೂ ನಿಲ್ಲತೊಡಗುತ್ತವೆ. ಕಾಲು ಬಾತುಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಅಂಥ ರೋಗಿಗೆ ವೈದ್ಯರು ಹೆಚ್ಚಾಗಿ ಬರೆಯುವ ಔಷಧ ಫ್ಯೂರೊಸೆಮೈಡ್. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದು ಲ್ಯಾಸಿಕ್ಸ್. ಮೂತ್ರಪಿಂಡ ಉಪ್ಪನ್ನು ಮರಳಿ ಹೀರಿಕೊಳ್ಳದಂತೆ ಅದು ತಡೆಯುತ್ತದೆ, ಉಪ್ಪಿನ ಜೊತೆ ನೀರೂ ಮೂತ್ರವಾಗಿ ಹೋಗುತ್ತದೆ. ನಾಳೆ ಇದೇ ಡೋಸ್ ಸಾಕೇ, ಏರಿಸಬೇಕೇ, ಇಳಿಸಬೇಕೇ ಎಂದು ತೀರ್ಮಾನಿಸುವ ಮುನ್ನ ವೈದ್ಯರು ಕೈಗೆತ್ತಿಕೊಳ್ಳುವುದು ಸಿಸ್ಟರ್ ತುಂಬಿಟ್ಟ ಇನ್‌ಟೇಕ್–ಔಟ್‌ಪುಟ್ ಚಾರ್ಟನ್ನು. ಅದರಲ್ಲಿ ಒಂದು ಲೋಟ ಬಿಟ್ಟುಹೋದರೂ ಲೆಕ್ಕ ಅಷ್ಟು ತಪ್ಪುತ್ತದೆ.

ಚಾರ್ಟಿನ ದಿನ ಸಾಮಾನ್ಯವಾಗಿ ಬೆಳಿಗ್ಗೆ ಶುರುವಾಗುತ್ತದೆ. 8 ಗಂಟೆ ಎಂದಿಟ್ಟುಕೊಳ್ಳೋಣ. ಆಗ ಮಾಡಬೇಕಾದ ಮೊದಲ ಕೆಲಸ ಯೂರೋಬ್ಯಾಗ್ ಖಾಲಿ ಮಾಡುವುದು. ಅದರಲ್ಲಿದ್ದ ಮೂತ್ರ ನಿನ್ನೆಯ ಲೆಕ್ಕಕ್ಕೆ ಸೇರಬೇಕು. ಡ್ರಿಪ್ ಬಾಟಲಿಗೂ ಇದೇ ನಿಯಮ: 500 ಮಿಲಿಲೀಟರಿನ ಬಾಟಲಿಯಲ್ಲಿ 200 ಉಳಿದಿದ್ದರೆ, ಒಳಗೆ ಹೋದ 300 ಮಾತ್ರ ನಿನ್ನೆಯದು, ಉಳಿದದ್ದು ಹೋದಂತೆಲ್ಲ ಇಂದಿನದು. ಬಾಟಲಿ ಏರಿಸಿದ ಕೂಡಲೇ ‘500’ ಎಂದು ಬರೆದುಬಿಡುವ ಅಭ್ಯಾಸ ಒಳ್ಳೆಯದಲ್ಲ.

ಒಳಗೆ ಹೋಗುವ ಕಾಲಮ್ಮಿನಲ್ಲಿ ನೀರು, ಕಾಫಿ, ಹಾಲು, ಮಜ್ಜಿಗೆ, ಗಂಜಿ, ಕುಡಿದ ಸಾರು ಎಲ್ಲವೂ ಬರುತ್ತವೆ. ಆ್ಯಂಟಿಬಯೋಟಿಕ್ ಬೆರೆಸಿದ 100 ಮಿಲಿಲೀಟರಿನ ಸಣ್ಣ ಬಾಟಲಿಯನ್ನು ಬರೆಯಲು ಮರೆಯುವುದು ಸಾಮಾನ್ಯ; ದಿನಕ್ಕೆ ಮೂರು ಸಲ ಕೊಟ್ಟರೆ 300 ಆಯಿತು. ‘ಒಂದು ಲೋಟ’ ಎಂಬುದು ಅಳತೆಯಲ್ಲ. ಮನೆಯಿಂದ ತಂದ ಸ್ಟೀಲ್ ಲೋಟಕ್ಕೆ ಎಷ್ಟು ಹಿಡಿಯುತ್ತದೆಂದು ಮೊದಲ ದಿನವೇ ಅಳೆದು ಚಾರ್ಟಿನ ಮೂಲೆಯಲ್ಲಿ ಬರೆದಿಟ್ಟರೆ ಮುಂದಿನ ಎಲ್ಲ ಪಾಳಿಗೂ ಅನುಕೂಲ.

ಹೊರಹೋಗುವ ಕಾಲಮ್ಮಿನಲ್ಲಿ ಮೂತ್ರವೇ ಮುಖ್ಯ, ವಾಂತಿ ಭೇದಿಯಾದರೆ ಅವೂ ಸೇರುತ್ತವೆ. ಯೂರೋಬ್ಯಾಗಿನ ಮೇಲಿನ ಗೆರೆಗಳು ಅಂದಾಜಿಗಷ್ಟೇ. ಮೂತ್ರವನ್ನು ಅಳತೆ ಜಾರಿಗೆ ಸುರಿದು, ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಬಗ್ಗಿ ಓದಬೇಕು. ಡೈಪರ್ ಹಾಕಿದ್ದರೆ ಒದ್ದೆಯಾದದ್ದನ್ನು ತೂಗಿ ಒಣ ಡೈಪರಿನ ತೂಕ ಕಳೆಯಬೇಕು; ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ‘ಎರಡು ಸಲ ಹೋದರು’ ಎಂದು ಬರೆದರೆ ಅದನ್ನು ಕೂಡಿಸುವುದು ಹೇಗೆ?

ಒಂದು ಉದಾಹರಣೆ ನೋಡೋಣ. 64 ಕಿಲೋ ತೂಕದ ಒಬ್ಬ ಹಿರಿಯರಿಗೆ ದಿನಕ್ಕೆ ಒಂದೂವರೆ ಲೀಟರಿನ ಮಿತಿ ಹಾಕಿ, ಬೆಳಿಗ್ಗೆ ಮತ್ತು ಮಧ್ಯಾಹ್ನ 40 ಮಿಲಿಗ್ರಾಂ ಲ್ಯಾಸಿಕ್ಸ್ ಇಂಜೆಕ್ಷನ್ ಬರೆದಿದ್ದಾರೆ. ಬೆಳಗಿನ ಪಾಳಿಯಲ್ಲಿ ಒಳಗೆ 570, ಹೊರಗೆ 900. ಮಧ್ಯಾಹ್ನದ ಪಾಳಿಯಲ್ಲಿ 500 ಮತ್ತು 750. ರಾತ್ರಿ 400 ಮತ್ತು 550. ಔಷಧ ಕೊಟ್ಟ ಎರಡು ಪಾಳಿಗಳಲ್ಲಿ ಮೂತ್ರ ಹೆಚ್ಚಾಗಿರುವುದನ್ನು ಗಮನಿಸಿ. ಎರಡನೇ ಡೋಸನ್ನು ರಾತ್ರಿಗೆ ಇಡದಿರುವುದು ರೋಗಿಯ ನಿದ್ದೆ ಕೆಡಬಾರದೆಂದೇ. 24 ಗಂಟೆಯ ಮೊತ್ತ ಒಳಗೆ 1470, ಹೊರಗೆ 2200. ಒಳಗಿನದರಿಂದ ಹೊರಗಿನದನ್ನು ಕಳೆದರೆ ಮೈನಸ್ 730. ದೇಹದಿಂದ ನೀರು ಇಳಿಯುತ್ತಿದೆ.

ಈ ಲೆಕ್ಕ ನಿಜವೇ ಎಂದು ತೂಕದ ಯಂತ್ರ ಹೇಳುತ್ತದೆ. ದಿನವೂ ಅದೇ ಹೊತ್ತಿಗೆ, ಅದೇ ಯಂತ್ರದ ಮೇಲೆ, ಮೂತ್ರ ಮಾಡಿದ ನಂತರ, ತಿಂಡಿಗೆ ಮುಂಚೆ ತೂಗಬೇಕು. ಒಂದು ಲೀಟರ್ ನೀರು ಸುಮಾರು ಒಂದು ಕಿಲೋ. ಬೆವರು ಮತ್ತು ಉಸಿರಿನಲ್ಲಿ ಹೋಗುವ ನೀರು ಚಾರ್ಟಿಗೆ ಬರುವುದಿಲ್ಲ, ಅನ್ನದಲ್ಲಿರುವ ನೀರೂ ಬರುವುದಿಲ್ಲ. ಆದ್ದರಿಂದ ಎರಡೂ ಕರಾರುವಾಕ್ಕಾಗಿ ತಾಳೆಯಾಗಬೇಕೆಂದಿಲ್ಲ. ಈ ಹಿರಿಯರ ತೂಕ ಮರುದಿನ 63.2 ಬಂದರೆ ಚಾರ್ಟನ್ನು ನಂಬಬಹುದು. 64.8 ಬಂದರೆ ಎಲ್ಲೋ ಏನೋ ತಪ್ಪಿದೆ. ನೋಡಲು ಬಂದ ನೆಂಟರು ಎಳನೀರು ಕುಡಿಸಿರಬಹುದು, ಕೂಡುವಾಗ ತಪ್ಪಾಗಿರಬಹುದು. ವೈದ್ಯರು ಬರುವ ಮುಂಚೆಯೇ ಅದನ್ನು ವಿಚಾರಿಸಬೇಕು.

ಮೊತ್ತಕ್ಕಾಗಿ ಮರುದಿನದವರೆಗೆ ಕಾಯಬಾರದ ಸಂದರ್ಭಗಳೂ ಇವೆ. ಗಂಟೆಗೆ, ಪ್ರತಿ ಕಿಲೋ ತೂಕಕ್ಕೆ ಅರ್ಧ ಮಿಲಿಲೀಟರಿಗಿಂತ ಕಡಿಮೆ, ಅಂದರೆ ಇವರಿಗೆ ಸುಮಾರು 30ಕ್ಕಿಂತ ಕಡಿಮೆ ಮೂತ್ರ ಬರುತ್ತಿದ್ದರೆ, ಮೊದಲು ಕ್ಯಾಥೆಟರ್ ಕೊಳವೆ ಮಡಚಿದೆಯೇ, ಕಿಬ್ಬೊಟ್ಟೆ ಉಬ್ಬಿದೆಯೇ ನೋಡಬೇಕು. ಕೊಳವೆ ಸರಿಯಿದ್ದರೆ ಬಿಪಿ ನೋಡಿ ಕೂಡಲೇ ವೈದ್ಯರಿಗೆ ತಿಳಿಸಬೇಕು. ಇದಕ್ಕೆ ವಿರುದ್ಧವಾಗಿ ಮೂತ್ರ ಲೀಟರುಗಟ್ಟಲೆ ಹೋಗಿ, ಎದ್ದು ನಿಂತರೆ ತಲೆ ಸುತ್ತಿ, ಬಿಪಿ ಇಳಿದು, ಮೀನಖಂಡ ಸೆಳೆಯುತ್ತಿದ್ದರೆ ನೀರಿನ ಜೊತೆ ಪೊಟ್ಯಾಸಿಯಂ ಕೂಡ ಇಳಿದಿರಬಹುದು. ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಮುಂದಿನ ಡೋಸ್ ಕೊಡುವ ಮೊದಲು ವೈದ್ಯರನ್ನು ಕೇಳಲೇಬೇಕು.

ನಿಮ್ಮ ಮನೆಯವರೊಬ್ಬರು ಇಂಥ ಔಷಧದ ಮೇಲಿದ್ದು ನೀವು ಪಕ್ಕದಲ್ಲಿದ್ದರೆ, ಕುಡಿಸಿದ್ದನ್ನು ಸಿಸ್ಟರಿಗೆ ಆಗಿಂದಾಗಲೇ ಹೇಳಿ. ಯೂರಿನ್ ಪಾಟನ್ನು ಅವರು ಅಳೆಯುವ ಮೊದಲು ಚೆಲ್ಲಬೇಡಿ.