‘ಸದ್ಯ ಖಾಲಿ ಇಲ್ಲ’ ಎಂದ ಮೇಲೆ ರೆಸ್ಯೂಮೆ ಎಲ್ಲಿಗೆ ಹೋಗುತ್ತದೆ?

‘ಸದ್ಯಕ್ಕೆ ಕೆಲಸ ಖಾಲಿ ಇಲ್ಲ’ ಎಂದು ಕಂಪನಿ ಹೇಳಿದಾಗ ‘ಹಾಗಾದರೆ ನನ್ನ ರೆಸ್ಯೂಮೆ ಇಟ್ಕೊಂಡಿರಿ ಸರ್’ ಎನ್ನುವುದು ವಾಡಿಕೆ. ಎಚ್‌.ಆರ್‌.ನವರೂ ‘ಆಗ್ಲಿ’ ಎನ್ನುತ್ತಾರೆ. ಆಮೇಲೆ ಅದು ಎಲ್ಲಿ ಉಳಿಯುತ್ತದೆ ಎಂಬುದು ಗೊತ್ತಿದ್ದರೆ ಕೇಳುವ ರೀತಿಯೇ ಬೇರೆಯಾಗುತ್ತದೆ.

ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಕೂಡಿಡಲು ಪ್ರತ್ಯೇಕ ಸಾಫ್ಟ್‌ವೇರ್ ಇರುತ್ತದೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್‌.ಆರ್‌. ಒಬ್ಬರ ಮೇಲ್ ಮತ್ತು ಒಂದು ಎಕ್ಸೆಲ್ ಪಟ್ಟಿ. ಎರಡೂ ಕಡೆ ಕೆಲಸ ನಡೆಯುವ ರೀತಿ ಒಂದೇ. ಹುದ್ದೆ ಖಾಲಿಯಾದ ದಿನ ಹಳೆಯ ರೆಸ್ಯೂಮೆಗಳನ್ನು ಯಾರೂ ಒಂದೊಂದಾಗಿ ತೆರೆದು ಓದುವುದಿಲ್ಲ. ಬೇಕಾದ ಪದ ಟೈಪ್ ಮಾಡಿ ಹುಡುಕುತ್ತಾರೆ. ಹುಡುಕಿದಾಗ ಬಾರದ ರೆಸ್ಯೂಮೆ ಇದ್ದೂ ಇಲ್ಲದಂತೆ. ಗೇಟಿನಲ್ಲಿ ಸೆಕ್ಯೂರಿಟಿಯವರ ಕೈಗೆ ಕೊಟ್ಟುಬಂದ ಕಾಗದದ ಪ್ರತಿಯಂತೂ ಈ ಹುಡುಕಾಟಕ್ಕೆ ಸಿಗುವುದೇ ಇಲ್ಲ.

ಒಂದು ಉದಾಹರಣೆ ನೋಡೋಣ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಯುವಕನೊಬ್ಬ 4 ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಬಿಡಿಭಾಗಗಳ ಅಳತೆ ತೆಗೆಯುವ ಸಿಎಂಎಂ ಯಂತ್ರ ಬಲ್ಲವನು. ಅವನ ಮೇಲ್‌ಗೆ ‘ಖಾಲಿ ಇಲ್ಲ’ ಎಂಬ ಉತ್ತರ ಬಂದಿದೆ. ಅವನು ಹೊಸ ಮೇಲ್ ಬರೆಯದೆ, ಒಂದೆರಡು ದಿನದೊಳಗೆ ಅದೇ ಮೇಲ್‌ಗೆ ಉತ್ತರಿಸಬೇಕು. ಆಗ ಹಳೆಯ ಮಾತುಕತೆ, ತಾರೀಖು, ರೆಸ್ಯೂಮೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಬರೆಯುವುದು ಇಷ್ಟು ಸಾಕು: ‘ತಿಳಿಸಿದ್ದಕ್ಕೆ ಧನ್ಯವಾದ. ಕ್ವಾಲಿಟಿ ಇನ್‌ಸ್ಪೆಕ್ಟರ್ ಅಥವಾ ಸಿಎಂಎಂ ಆಪರೇಟರ್ ಹುದ್ದೆ ಖಾಲಿಯಾದರೆ ದಯವಿಟ್ಟು ನನ್ನನ್ನು ಪರಿಗಣಿಸಿ. 4 ವರ್ಷ ಅನುಭವವಿದೆ, ಈಗಿನ ಕೆಲಸದಲ್ಲಿ ನೋಟಿಸ್ ಅವಧಿ 30 ದಿನ. ರೆಸ್ಯೂಮೆಯನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು ತಿಳಿಸಿದರೆ ಆ ಹೊತ್ತಿಗೆ ಹೊಸದನ್ನು ಕಳಿಸುತ್ತೇನೆ.’

‘ಯಾವ ಕೆಲಸವಾದರೂ ಸರಿ’ ಎಂದು ಬರೆದರೆ ಯಾವ ಹುಡುಕಾಟದಲ್ಲೂ ಹೆಸರು ಬರುವುದಿಲ್ಲ. ಹುದ್ದೆಯ ಹೆಸರನ್ನೂ ಯಂತ್ರದ ಹೆಸರನ್ನೂ ಕಾರ್ಖಾನೆಯವರು ಬಳಸುವ ಪದದಲ್ಲೇ ಬರೆಯಬೇಕು. ನೋಟಿಸ್ ಅವಧಿ ಹೇಳುವುದಕ್ಕೂ ಕಾರಣವಿದೆ. ಇದ್ದವನು ಹಠಾತ್ತನೆ ಬಿಟ್ಟುಹೋದಾಗ ಬೇಗ ಸೇರಬಲ್ಲವರಿಗೇ ಮೊದಲು ಫೋನ್ ಹೋಗುತ್ತದೆ.

ಫೈಲಿನ ಹೆಸರು ಬರೀ `Resume.pdf` ಎಂದಿದ್ದರೆ ಅಂಥವು ನೂರಾರು ಇರುತ್ತವೆ. ತನ್ನ ಹೆಸರಿನ ಮುಂದೆ `QC_CMM_4yrs.pdf` ಎಂದು ಸೇರಿಸಿದರೆ ತೆರೆಯುವ ಮುನ್ನವೇ ವಿಷಯ ತಿಳಿಯುತ್ತದೆ. ಇದಕ್ಕಿಂತ ದೊಡ್ಡ ತೊಂದರೆ, ಮೊಬೈಲಿನಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿದ ರೆಸ್ಯೂಮೆಯದು. ಕಣ್ಣಿಗೆ ಅಕ್ಷರವಾಗಿ ಕಂಡರೂ ಕಂಪ್ಯೂಟರಿಗೆ ಅದು ಬರೀ ಚಿತ್ರ. ಅದರೊಳಗಿನ ಪದ ಎಷ್ಟೋ ಕಡೆ ಹುಡುಕಾಟಕ್ಕೆ ಸಿಗುವುದಿಲ್ಲ. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು ಒಂದು ಸಾಲನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿ. ಅಕ್ಷರಗಳು ಸರಿಯಾಗಿ ಬಂದರೆ ಸರಿ. ಬಾರದಿದ್ದರೆ ಹೊಸದಾಗಿ ಟೈಪ್ ಮಾಡಿಸಿ.

ಮತ್ತೆ ನೆನಪಿಸುವುದು ಯಾವಾಗ? ವಾರಕ್ಕೊಮ್ಮೆ ಫೋನ್ ಮಾಡಿದರೆ ಕಿರಿಕಿರಿಯಷ್ಟೇ. ಜನ ಕೆಲಸ ಬಿಡುವ ಕಾಲ ನೋಡಿಕೊಂಡು ಬರೆಯುವುದು ಜಾಣತನ. ಬೋನಸ್ಸನ್ನು ಲೆಕ್ಕದ ವರ್ಷ ಮುಗಿದ 8 ತಿಂಗಳೊಳಗೆ ಕೊಡಬೇಕೆಂಬುದು ಕಾನೂನು. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿಗೆ ನವೆಂಬರ್ ಕೊನೆಯೇ ಗಡುವು. ಹಲವೆಡೆ ದಸರಾ, ದೀಪಾವಳಿಗೇ ಕೊಟ್ಟುಬಿಡುತ್ತಾರೆ. ಬೋನಸ್ ಕೈಸೇರಿದ ಮೇಲೆ ಬಿಡೋಣ ಎಂದು ಕಾದವರು ಆಗ ಹೊರಡುತ್ತಾರೆ. ಏಪ್ರಿಲ್ ನಂತರ, ಸಂಬಳ ಏರಿಕೆ ಸಾಲದೆ ಹೊರಡುವವರದು ಇನ್ನೊಂದು ಸರದಿ. ಈ ಎರಡು ಹೊತ್ತಿನಲ್ಲಿ ಅದೇ ಮೇಲ್‌ಗೆ, ಹೊಸದಾಗಿ ಕಲಿತದ್ದನ್ನು ಸೇರಿಸಿದ ರೆಸ್ಯೂಮೆ ಕಳಿಸಿ ಎರಡು ಸಾಲು ಬರೆದರೆ ಸಾಕು. ಹಳೆಯದರ ಬದಲು ಇದನ್ನು ಇಟ್ಟುಕೊಳ್ಳಿ ಎಂದು ಸ್ಪಷ್ಟವಾಗಿ ಹೇಳಿ. ಫೋನ್ ನಂಬರ್ ಬದಲಾಗಿದ್ದರೆ ಅಂದೇ ತಿಳಿಸಿ.

ತಿಂಗಳುಗಟ್ಟಲೆ ಬೇರೆಯವರ ಕಂಪ್ಯೂಟರಿನಲ್ಲಿ ಇರುವ ಕಾಗದವಾದ್ದರಿಂದ ಅದರಲ್ಲಿ ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ಸಂಖ್ಯೆ ಬೇಡ. ಅವು ಬೇಕಾಗುವುದು ಕೆಲಸ ಖಚಿತವಾದ ಮೇಲೆ. ರೆಸ್ಯೂಮೆ ಇಟ್ಟುಕೊಳ್ಳಲು ‘ನೋಂದಣಿ ಶುಲ್ಕ’ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ.

ಇಷ್ಟು ಮಾಡಿದರೂ ಇದು ಸರದಿ ಸಾಲಲ್ಲ. ಒಳಗಿನ ನೌಕರರು ತಮಗೆ ಗೊತ್ತಿದ್ದವರ ಹೆಸರು ಹೇಳಿದರೆ ಕಡತದಲ್ಲಿರುವವರಿಗೆ ಕರೆ ಬಾರದೆಯೂ ಹೋಗಬಹುದು. ಆದ್ದರಿಂದ ಒಂದು ಕಂಪನಿಯ ‘ಇಟ್ಟುಕೊಂಡಿರುತ್ತೇವೆ’ ಎಂಬ ಮಾತು ನಂಬಿ ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ.