ಕರಪತ್ರದಲ್ಲಿರುವ ಕಿಡ್ನಿ

ಸಿಂಗಪುರದಲ್ಲೋ ಸ್ಯಾನ್‌ಫ್ರಾನ್ಸಿಸ್ಕೊದಲ್ಲೋ ಚೀನೀ ವೈದ್ಯರ ಕ್ಲಿನಿಕ್ಕಿಗೆ ಹೋದರೆ, ಕಾಯುವ ಜಾಗದಲ್ಲಿ ಕರಪತ್ರವೊಂದು ಕೈಗೆ ಸಿಗುತ್ತದೆ. ಹೆಚ್ಚುಕಡಿಮೆ ಇಂಥ ಸಾಲುಗಳು ಅದರಲ್ಲಿರುತ್ತವೆ: ಸೊಂಟನೋವು, ಮಂಡಿಯಲ್ಲಿ ತಣುಪು, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಇವೆಲ್ಲ ಕಿಡ್ನಿಯ ಯಾಂಗ್ ಕುಂದಿದ್ದರ ಲಕ್ಷಣ, ನಮ್ಮ ಚಿಕಿತ್ಸೆ ಯಾಂಗನ್ನು ಹೆಚ್ಚಿಸಿ, ಚೀ ಸರಾಗವಾಗಿ ಹರಿಯುವಂತೆ ಮಾಡುತ್ತದೆ. ಓದಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಕಿಡ್ನಿ ಎಂಬ ಮಾತು. ಗಾಬರಿಯಿಂದ ರಕ್ತಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ ಸರಿಯಾಗಿಯೇ ಇರಬಹುದು. ಹಾಗಿದ್ದೂ ಚೀನೀ ವೈದ್ಯರು ತಮ್ಮ ಮಾತನ್ನು ಬದಲಿಸುವುದಿಲ್ಲ. ಅವರ ಲೆಕ್ಕದಲ್ಲಿ ಎರಡಕ್ಕೂ ವಿರೋಧವೇ ಇಲ್ಲ, ಏಕೆಂದರೆ ಅವರು ಹೇಳುತ್ತಿರುವುದು ರಕ್ತ ಸೋಸುವ ಆ ಎರಡು ಅಂಗಗಳ ಬಗ್ಗೆ ಅಲ್ಲ.

ಚೀನೀ ವೈದ್ಯದಲ್ಲಿ ಕಿಡ್ನಿ ಎಂದರೆ ಕೆಲಸಗಳ ಒಂದು ಗುಂಪು. ಬೆಳವಣಿಗೆ, ಹಲ್ಲು, ಮೂಳೆ, ತಲೆಗೂದಲು, ಕಿವಿ ಕೇಳಿಸುವುದು, ಸಂತಾನಶಕ್ತಿ, ಮೈಯ ನೀರಿನ ನಿರ್ವಹಣೆ ಎಲ್ಲವೂ ಅದರ ಪಾಲಿಗೆ ಸೇರುತ್ತವೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೂಪುಗೊಂಡ ‘ಹ್ವಾಂಗ್‌ದಿ ನೇಯ್‌ಜಿಂಗ್’ ಗ್ರಂಥದ ಮೊದಲ ಅಧ್ಯಾಯ ಈ ಕಲ್ಪನೆಯನ್ನು ವಯಸ್ಸಿನ ಮೂಲಕ ವಿವರಿಸುತ್ತದೆ. ಹೆಣ್ಣಿನ ಆಯುಸ್ಸನ್ನು ಅಲ್ಲಿ ಏಳೇಳು ವರ್ಷಗಳ ಹಂತವಾಗಿ ಎಣಿಸಿದ್ದಾರೆ. 7ಕ್ಕೆ ಕಿಡ್ನಿಯ ಚೀ ತುಂಬಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ, 14ಕ್ಕೆ ಮುಟ್ಟು ಆರಂಭ, 49ಕ್ಕೆ ಮುಟ್ಟು ನಿಲ್ಲುತ್ತದೆ. ಗಂಡಿಗೆ ಈ ಹಂತಗಳು ಎಂಟೆಂಟು ವರ್ಷದವು. ಇಷ್ಟು ತಿಳಿದ ಮೇಲೆ ಕರಪತ್ರದ ಸಾಲು ಬೇರೆಯೇ ಆಗಿ ಕಾಣುತ್ತದೆ. ಐವತ್ತೈದರ ವ್ಯಕ್ತಿಗೆ ಕಿಡ್ನಿ ಕುಂದಿದೆ ಎಂದರೆ, ಬಹುಮಟ್ಟಿಗೆ, ವಯಸ್ಸು ಮೈಯಲ್ಲಿ ಕಾಣಿಸಿಕೊಳ್ಳುತ್ತಿದೆ ಎಂದು ಹೇಳಿದ ಹಾಗೆ.

ಇನ್ನು ಯಿನ್ ಮತ್ತು ಯಾಂಗ್. ಮೂಲದಲ್ಲಿ ಇವು ಬೆಟ್ಟದ ನೆರಳಿನ ಮಗ್ಗುಲು, ಬಿಸಿಲಿನ ಮಗ್ಗುಲು. ಮೈಯ ವಿಷಯಕ್ಕೆ ಬಂದಾಗ ಯಾಂಗ್ ಎಂದರೆ ಕಾವು, ಚಲನೆ, ಚುರುಕು. ಯಿನ್ ಎಂದರೆ ತಂಪು, ಪಸೆ, ಮೈಗಟ್ಟು. ಇವು ರಕ್ತದಲ್ಲಿ ತೇಲುವ ಪದಾರ್ಥಗಳಲ್ಲ, ಯಾವ ಸ್ಕ್ಯಾನಿನಲ್ಲೂ ಸಿಗುವುದಿಲ್ಲ. ಒಂದನ್ನು ಇನ್ನೊಂದರ ಎದುರಿಗಿಟ್ಟು ವೈದ್ಯರು ಮಾಡುವ ವರ್ಗೀಕರಣ ಅಷ್ಟೆ. ‘ಮೈಗೆ ಉಷ್ಣ ಆಗಿದೆ’ ಎಂದು ಎಳನೀರು ಕುಡಿಯುವ ನಮಗೆ ಈ ಬಗೆಯ ಮಾತು ಅಪರಿಚಿತವೇನಲ್ಲ. ಥರ್ಮಾಮೀಟರ್ 98.4 ತೋರಿಸುತ್ತಿದ್ದರೂ ನಾವು ಉಷ್ಣ ಎನ್ನುತ್ತೇವಲ್ಲ, ಅವರೂ ಹಾಗೆಯೇ ಅನುಭವಕ್ಕೆ ಬಂದದ್ದನ್ನು ಹೆಸರಿಸುತ್ತಾರೆ.

ಈ ವರ್ಗೀಕರಣದಿಂದ ಆಗುವ ಕೆಲಸವೇನೆಂದು ನೋಡಬೇಕಾದರೆ ಇಬ್ಬರು ರೋಗಿಗಳನ್ನು ಎದುರಿಗೆ ಕೂರಿಸಿಕೊಳ್ಳೋಣ. ಇಬ್ಬರಿಗೂ ಸೊಂಟನೋವು, ಇಬ್ಬರಿಗೂ ಸುಸ್ತು. ಮೊದಲನೆಯವರಿಗೆ ಸೊಂಟ, ಮಂಡಿ ತಣ್ಣಗೆ. ಮೂತ್ರ ತಿಳಿಯಾಗಿ ಧಾರಾಳವಾಗಿ ಹೋಗುತ್ತದೆ. ನಾಲಿಗೆ ಬಿಳಿಚಿಕೊಂಡು ಊದಿದೆ. ನಾಡಿ ಸಿಗಬೇಕಾದರೆ ಬೆರಳನ್ನು ಚೆನ್ನಾಗಿ ಒತ್ತಬೇಕು. ಇದು ಯಾಂಗ್ ಕುಂದಿದ ಚಿತ್ರ. ಎರಡನೆಯವರಿಗೆ ರಾತ್ರಿ ಬೆವರು, ಅಂಗೈ ಅಂಗಾಲು ಉರಿ, ಬಾಯಿ ಒಣಗುವುದು. ನಾಲಿಗೆ ಕೆಂಪಗಿದ್ದು ಮೇಲಿನ ಬಿಳಿ ಪದರ ತೀರಾ ಕಡಿಮೆ. ನಾಡಿ ತೆಳುವಾಗಿ, ವೇಗವಾಗಿ ಬಡಿಯುತ್ತದೆ. ಇದು ಯಿನ್ ಕುಂದಿದ ಚಿತ್ರ. ಮುಟ್ಟು ನಿಲ್ಲುವ ಕಾಲದ ಹೆಂಗಸರಲ್ಲಿ ಈ ಎರಡನೆಯ ಚಿತ್ರವನ್ನು ವೈದ್ಯರು ಆಗಾಗ ಕಾಣುತ್ತಾರೆ.

ಮೊದಲನೆಯವರಿಗೆ ಕೊಡುವ ಹಳೆಯ ಗುಳಿಗೆಯ ಪಾಕ ಕ್ರಿ.ಶ. 200ರ ಆಸುಪಾಸಿನಲ್ಲಿದ್ದ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯನದು. ಅದರಲ್ಲಿ ಎಂಟು ಮೂಲಿಕೆಗಳಿವೆ. ರೆಹ್ಮಾನಿಯ ಗಿಡದ ಬೇರು 8 ಭಾಗ, ಒಂದು ಬಗೆಯ ಕಾಡುಗೆಣಸು ಮತ್ತು ಕಾರ್ನಸ್ ಹಣ್ಣು ನಾಲ್ಕು ನಾಲ್ಕು ಭಾಗ, ಬೇರೆ ಮೂರು ಮೂಲಿಕೆಗಳು ಮೂರು ಮೂರು ಭಾಗ. ಇವುಗಳ ಜೊತೆಗೆ ದಾಲ್ಚಿನ್ನಿ 1 ಭಾಗ, ಸಂಸ್ಕರಿಸಿದ ವತ್ಸನಾಭಿ ಜಾತಿಯ ಬೇರು 1 ಭಾಗ. ಕಾವು ಹುಟ್ಟಿಸುವ ಕೆಲಸ ಈ ಕೊನೆಯ ಎರಡರದು. ಸೋಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚಿಯೆನ್ ಯೀ ಅವೆರಡನ್ನು ತೆಗೆದುಹಾಕಿದ. ಮಕ್ಕಳ ಮೈಯಲ್ಲಿ ಯಾಂಗ್ ಮೊದಲೇ ಸಾಕಷ್ಟಿರುತ್ತದೆ, ಇನ್ನಷ್ಟು ಕಾವು ಬೇಡ ಎಂಬುದು ಅವನ ತರ್ಕ. 1119ರಲ್ಲಿ ಬಂದ ಅವನ ಪುಸ್ತಕದಲ್ಲಿ ಇದು ಬೆಳವಣಿಗೆ ಹಿಂದುಳಿದ ಮಕ್ಕಳ ಔಷಧಿ. ಮುಂದೆ ಅದೇ ಆರು ಮೂಲಿಕೆಗಳ ಗುಳಿಗೆ ದೊಡ್ಡವರ ಯಿನ್ ಕೊರತೆಗೆ ಬಳಕೆಯಾಯಿತು. ಇವತ್ತಿಗೂ ‘ಲ್ಯೂ ವೇಯ್ ದಿಹ್ವಾಂಗ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. 27 ಭಾಗಗಳ ಪಾಕದಲ್ಲಿ ಎರಡೇ ಭಾಗ ತೆಗೆದರೆ ಯಾಂಗಿನ ಔಷಧಿ ಯಿನ್ನಿನದಾಗುತ್ತದೆ. ಯಿನ್, ಯಾಂಗ್ ಎಂಬ ಮಾತುಗಳು ಮೂಲಿಕೆ ಆಯುವವನ ಕೈಗೆ ಕೊಡುವ ಸೂಚನೆಗಳು ಎಂಬುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಗೊತ್ತಿಲ್ಲ.

ಚೀ ಎಂಬ ಮಾತು ಇನ್ನೂ ಜಾರುವಂಥದ್ದು. ಉಸಿರು, ಆವಿ, ಗಾಳಿ ಅದರ ಹಳೆಯ ಅರ್ಥಗಳು. ಚೀನೀಯರು ಇವತ್ತೂ ಹವಾಮಾನಕ್ಕೆ ‘ಆಕಾಶದ ಚೀ’ ಎನ್ನುತ್ತಾರೆ. ಅದಕ್ಕೆ ‘ಎನರ್ಜಿ’ ಎಂಬ ಅರ್ಥವನ್ನು ಯುರೋಪಿನಲ್ಲಿ ಬೇರೂರಿಸಿದ್ದು 20ನೇ ಶತಮಾನದಲ್ಲಿ ಸೂಜಿ ಚಿಕಿತ್ಸೆಯ ಬಗ್ಗೆ ಬರೆದ ಫ್ರೆಂಚ್ ಲೇಖಕ ಜಾರ್ಜ್ ಸೂಲಿಯೆ ದ ಮೊರಾನ್. ಕರಪತ್ರಗಳು ವಿದ್ಯುತ್ತಿನಂಥ ಪ್ರವಾಹವೊಂದನ್ನು ಸೂಚಿಸುವುದು ಈ ದಾರಿಯಿಂದ ಬಂದದ್ದು, ಅಂಥ ಪ್ರವಾಹವನ್ನು ಯಾರೂ ಅಳೆದು ತೋರಿಸಿಲ್ಲ. ಕ್ಲಿನಿಕ್ಕಿನೊಳಗೆ ಚೀ ಬೇರೆ ಬೇರೆ ಕಡೆ ಬೇರೆ ಬೇರೆ ಸಂಗತಿಗಳನ್ನು ಸೂಚಿಸುತ್ತದೆ. ಚೀ ಕಡಿಮೆ ಎಂದರೆ ದನಿ ಕುಗ್ಗಿದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸ್ವಲ್ಪ ಓಡಾಡಿದರೂ ಬೆವರು ಎಂದರ್ಥ. ಚೀ ಕಟ್ಟಿಕೊಂಡಿದೆ ಎಂದರೆ ಹೊಟ್ಟೆಯುಬ್ಬರ, ಎದೆ ಬಿಗಿತ, ಸಿಡುಕು. ಸೂಜಿ ಚುಚ್ಚಿದಾಗಲಂತೂ ಅದು ರೋಗಿಯೇ ಹೇಳಬಲ್ಲ ವಿಷಯ. ಚರ್ಮ ದಾಟಿ ಸ್ನಾಯುವಿಗಿಳಿದ ಸೂಜಿಯನ್ನು ವೈದ್ಯರು ಮೆಲ್ಲನೆ ತಿರುವಿದಾಗ ಆ ಜಾಗ ಜೋಮು ಹಿಡಿದಂತೆ, ಭಾರವಾದಂತೆ, ಬಿಗಿದಂತೆ ಆಗುತ್ತದೆ. ಇದಕ್ಕೆ ‘ಚೀ ಸಿಕ್ಕಿತು’ ಎನ್ನುತ್ತಾರೆ. ಆ ಅನುಭವ ನಿಜ, ನರಗಳಿಂದಲೇ ಬರುವಂಥದ್ದು.

ಈ ಹೆಸರುಗಳ ಮಿತಿ ಎಲ್ಲಿದೆ ಎಂಬುದನ್ನು ಕರಪತ್ರ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಇಂಥ ಲಕ್ಷಣಸಮೂಹಗಳಿಗೂ ಒಂದು ಅಧ್ಯಾಯ ಕೊಟ್ಟಿತು. ಅದು ಲೆಕ್ಕ ಇಡುವುದಕ್ಕೆ ಮಾತ್ರ, ಚಿಕಿತ್ಸೆ ಫಲಿಸುತ್ತದೆ ಎಂಬ ಮುದ್ರೆಯಲ್ಲ. ಒಬ್ಬನೇ ರೋಗಿಯನ್ನು ಹಲವು ಚೀನೀ ವೈದ್ಯರಿಗೆ ತೋರಿಸಿದ ಅಧ್ಯಯನಗಳಲ್ಲಿ ಅವರು ಕೊಟ್ಟ ಹೆಸರುಗಳು ಎಷ್ಟೋ ಬಾರಿ ಹೊಂದಿಕೆಯಾಗಿಲ್ಲ. ನಮ್ಮ ಮೊದಲ ರೋಗಿಯ ತಣುಪು ಥೈರಾಯ್ಡ್ ಕುಂದಿದ್ದರಿಂದ ಬಂದಿರಬಹುದು, ರಾತ್ರಿಯ ಮೂತ್ರ ಸಕ್ಕರೆ ಕಾಯಿಲೆಯದೋ ಪ್ರಾಸ್ಟೇಟಿನದೋ ಆಗಿರಬಹುದು. ಯಾಂಗ್ ಕುಂದಿದೆ ಎಂಬ ಮಾತು ಇವುಗಳನ್ನು ಒಂದರಿಂದೊಂದು ಬೇರ್ಪಡಿಸಲಾರದು. ಕಾಲು ಬಾತುಕೊಂಡರೆ, ಮೂತ್ರದಲ್ಲಿ ನೊರೆ ನಿಂತರೆ, ರಕ್ತ ಕಂಡರೆ ಪರೀಕ್ಷೆ ಮಾಡಿಸಬೇಕಾದದ್ದು ಲ್ಯಾಬಿನ ಕಿಡ್ನಿಯನ್ನು.

ಎರಡು ಕಿಡ್ನಿಗಳೂ ಒಂದೇ ಜಾಗದಲ್ಲಿ ಸಂಧಿಸಿದ ದುರಂತವೂ ಇದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನ ತೂಕ ಇಳಿಸುವ ಕ್ಲಿನಿಕ್ಕೊಂದರಲ್ಲಿ ಚೀನೀ ಮೂಲಿಕೆಗಳ ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು, ಅನೇಕರಿಗೆ ಡಯಾಲಿಸಿಸ್ ಅಥವಾ ಕಸಿ ಬೇಕಾಯಿತು. ‘ಫಾಂಗ್ ಜಿ’ ಎಂಬ ಹೆಸರು ಎರಡು ಬೇರೆ ಬೇರೆ ಗಿಡಗಳಿಗಿದೆ. ಗುಳಿಗೆಗೆ ಸೇರಬೇಕಾದ ಸ್ಟೆಫಾನಿಯಾ ಬದಲು ಅರಿಸ್ಟೊಲೋಕಿಯ ಸೇರಿತ್ತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಕೆಡಿಸುತ್ತದೆ, ಮೂತ್ರನಾಳದಲ್ಲಿ ಕ್ಯಾನ್ಸರನ್ನೂ ತರುತ್ತದೆ. ನಮ್ಮ ಬೇಲಿಗಳಲ್ಲಿ ಹಬ್ಬುವ ಈಶ್ವರಿ ಬಳ್ಳಿ ಇದೇ ಕುಲದ್ದು, ಅದನ್ನು ಹೊಟ್ಟೆಗೆ ತೆಗೆದುಕೊಳ್ಳುವ ಅಭ್ಯಾಸವಿದ್ದವರು ಬಿಡುವುದು ಕ್ಷೇಮ. ಮೊದಲ ಗುಳಿಗೆಯಲ್ಲಿದ್ದ ವತ್ಸನಾಭಿಯ ಬೇರೂ ಸರಿಯಾಗಿ ಸಂಸ್ಕರಿಸದಿದ್ದರೆ ಬಾಯಿ, ತುಟಿ ಜುಮ್ಮೆನಿಸಿ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಹಾಗಾಗಿ ಚೀನೀ ಗುಳಿಗೆ ತಂದವರು ಡಬ್ಬಿಯ ಮೇಲೆ ಪ್ರತಿ ಮೂಲಿಕೆಯ ಸಸ್ಯಶಾಸ್ತ್ರೀಯ ಹೆಸರು ಇದೆಯೇ ನೋಡಿ, ಆ ಪಟ್ಟಿಯನ್ನು ತಮ್ಮ ಡಾಕ್ಟರಿಗೆ ತೋರಿಸಬೇಕು. ಮೊದಲೇ ಕಿಡ್ನಿ ತೊಂದರೆ ಇದ್ದವರು ನುಂಗುವುದಕ್ಕೆ ಮುಂಚೆಯೇ ತೋರಿಸಬೇಕು.