ವಾರಕ್ಕೆ ಎರಡೇ ಸೇಲ್, ಯಾವ ಟೈಟಲ್ ಗೆದ್ದಿತು?

ನಾವು ಪ್ರಿಂಟ್ ಮಾಡಿ ಆನ್‌ಲೈನ್‌ನಲ್ಲಿ ಮಾರೋ ಸ್ಟ್ಯಾಂಡ್ ವಾರಕ್ಕೆ ಎರಡೋ ಮೂರೋ ಹೋಗುತ್ತೆ. 'ಮೊಬೈಲ್ ಸ್ಟ್ಯಾಂಡ್', 'ಹಾಸ್ಟೆಲ್ ಟೇಬಲ್‌ಗೆ ಮೊಬೈಲ್ ಸ್ಟ್ಯಾಂಡ್' ಅನ್ನೋ ಎರಡು ಟೈಟಲ್‌ಗಳನ್ನು ವಾರ ಬಿಟ್ಟು ವಾರ ಹಾಕಿ ನೋಡಿದೆವು. ನಾಲ್ಕು ವಾರದಲ್ಲಿ ಮೊದಲನೆಯದಕ್ಕೆ 3, ಎರಡನೆಯದಕ್ಕೆ 6 ಸೇಲ್. ಡಬಲ್ ಅಂತ ಕುಣಿದೆವು.

ಆಮೇಲೆ ಲೆಕ್ಕ ಹಾಕಿದೆವು. ನಾಣ್ಯವನ್ನು 9 ಸಲ ಚಿಮ್ಮಿದರೆ 6–3 ಅಥವಾ ಅದಕ್ಕಿಂತ ದೊಡ್ಡ ಅಂತರ ಬರುವ ಸಾಧ್ಯತೆ ಸುಮಾರು 51%. ಅಂದರೆ ಎರಡೂ ಟೈಟಲ್ ಸಮ ಇದ್ದರೂ ಅರ್ಧಕ್ಕರ್ಧ ಸಲ ಹೀಗೇ ಕಾಣುತ್ತೆ.

ಅದಕ್ಕೇ ಕ್ಲಿಕ್ ಎಣಿಸಿದೆವು. ಎರಡೂ ತಲಾ 1000 ಸಲ ಜನರಿಗೆ ಕಂಡಿದ್ದವು; ಕ್ಲಿಕ್ 20 ಮತ್ತು 40. ಬರೀ ಅದೃಷ್ಟದಿಂದ ಇಷ್ಟು ಅಂತರ ಬರೋದು ನೂರಕ್ಕೆ ಸುಮಾರು ಒಂದು ಸಲ.

ಮೊದಲ ಎರಡು ವಾರ ಒಂದು ಟೈಟಲ್, ಆಮೇಲೆ ಇನ್ನೊಂದು ಅಂತ ಇಟ್ಟಿದ್ದರೆ ಹಬ್ಬದ ರಶ್ ಕೂಡ ಟೈಟಲ್ ಲೆಕ್ಕಕ್ಕೆ ಸೇರುತ್ತಿತ್ತು. ಬೆಲೆ, ಫೋಟೋ ಮುಟ್ಟಲಿಲ್ಲ. ಮುಗಿಸುವ ದಿನವನ್ನೂ ಮೊದಲೇ ಬರೆದಿಟ್ಟೆವು. ಇಷ್ಟದ ಟೈಟಲ್ ಮುಂದಿದ್ದಾಗ ನಿಲ್ಲಿಸಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

ಆದರೂ ಕ್ಲಿಕ್ ಹೇಳೋದು ಟೈಟಲ್ ಕಣ್ಣಿಗೆ ಬಿತ್ತು ಅಂತ ಮಾತ್ರ. ಸುಳ್ಳು ಆಸೆ ಹುಟ್ಟಿಸೋ ಟೈಟಲ್‌ಗೂ ಕ್ಲಿಕ್ ಬರುತ್ತೆ, ಸೇಲ್ ಬರಲ್ಲ. ನಮ್ಮಲ್ಲಿ 20ಕ್ಕೆ 3, 40ಕ್ಕೆ 6, ಅನುಪಾತ ಒಂದೇ. ಹಾಗಾಗಿ ಹಾಸ್ಟೆಲ್ ಟೈಟಲ್ ಉಳಿಸಿಕೊಂಡೆವು, ಸೇಲ್ ಎಣಿಕೆ ಇನ್ನೂ ನಿಲ್ಲಿಸಿಲ್ಲ.